ಸ್ಟ್ರಿಪ್‌ನಲ್ಲಿ ರಕ್ತ ಮೂರು ಪ್ಲಸ್, ಸ್ಲೈಡಿನಲ್ಲಿ ಕೆಂಪು ಕಣಗಳೇ ಇಲ್ಲ

ಗದಗಿನ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಟೆಕ್ನಿಶಿಯನ್ ಆಗಿದ್ದೇನೆ. ನಮ್ಮಲ್ಲಿಗೆ ಬರುವ ಮೂತ್ರ ಪರೀಕ್ಷೆಯ ಚೀಟಿಗಳಲ್ಲಿ ಸೊಂಟನೋವು ಮತ್ತು ಉರಿಮೂತ್ರದ ಪಕ್ಕದಲ್ಲಿ ‘ಕಲ್ಲು?’ ಎಂದು ಬರೆದಿರುವುದು ಎಷ್ಟು ಸಾಮಾನ್ಯವೆಂದರೆ, ಚೀಟಿಯನ್ನು ಓದುತ್ತಲೇ ಮನಸ್ಸು ಹರಳುಗಳನ್ನು ಹುಡುಕಲು ಆರಂಭಿಸಿರುತ್ತದೆ. ಕಳೆದ ವರ್ಷ ಜಾತ್ರೆಗಳ ಕಾಲದಲ್ಲಿ ಬಂದ ಒಂದು ಮಾದರಿಯಲ್ಲಿ ನಾನು ಮಾಡಿದ ತಪ್ಪಿಗೆ ಈ ಅಭ್ಯಾಸವೂ ಒಂದು ಕಾರಣ.

ರೋಗಿಯು ಇಪ್ಪತ್ತೆರಡರ ತರುಣ, ಸಮೀಪದ ಹಳ್ಳಿಯವನು. ಚೀಟಿಯಲ್ಲಿ ಸೊಂಟನೋವು, ಕೆಂಪು ಮೂತ್ರ, ‘ಕಲ್ಲು?’ ಎಂದಿತ್ತು. ಡಬ್ಬಿಯಲ್ಲಿದ್ದ ಮೂತ್ರವಾದರೋ ಕೆಂಪಿರಲಿಲ್ಲ, ಹಾಲು ಹಾಕದ ಚಹಾದ ಕಂದು ಬಣ್ಣದ್ದಾಗಿತ್ತು. ಸ್ಟ್ರಿಪ್ ಅದ್ದಿ, ಅಂಚನ್ನು ಡಬ್ಬಿಯ ಬಾಯಿಗೆ ಒರೆಸಿ, ಗಡಿಯಾರ ನೋಡುತ್ತ ಬಾಟಲಿಯ ಬಣ್ಣದ ಪಟ್ಟಿಗೆ ಹಿಡಿದೆ. ನಾವು ಬಳಸುವ ಸ್ಟ್ರಿಪ್‌ನಲ್ಲಿ ರಕ್ತ, ಪ್ರೋಟೀನ್ ಮತ್ತು ಪಿಎಚ್ ಚೌಕಗಳನ್ನು 60ನೇ ಸೆಕೆಂಡಿಗೆ ಓದಬೇಕು. ಹಳದಿಯಾಗಿದ್ದ ರಕ್ತದ ಚೌಕ ಅಷ್ಟರೊಳಗೆ ಒಂದೇ ಸಮನಾಗಿ ದಟ್ಟ ಹಸಿರು ನೀಲಿಗೆ ತಿರುಗಿತ್ತು: ಮೂರು ಪ್ಲಸ್. ಪ್ರೋಟೀನ್ ಎರಡು ಪ್ಲಸ್, ಪಿಎಚ್ 5.5, ಸಾಂದ್ರತೆ 1.020. ಬಿಲಿರುಬಿನ್ ಚೌಕವೂ ಕಂದಾಗಿ ಕಂಡಿತು, ಆದರೆ ಇಷ್ಟು ಬಣ್ಣವಿರುವ ಮೂತ್ರವು ಆ ಚೌಕಕ್ಕೆ ತನ್ನ ಬಣ್ಣವನ್ನೇ ಹಚ್ಚಿಬಿಡುವುದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ನಂತರ 10 ಮಿಲಿ ಮೂತ್ರವನ್ನು ಐದು ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ನೀರನ್ನು ಸಿಂಕಿಗೆ ಸುರಿದು, ತಳದ ಗಸಿಯನ್ನು ಕಲಕಿ, ಒಂದು ಹನಿಯನ್ನು ಸ್ಲೈಡಿಗೆ ಹಾಕಿ ನೇರವಾಗಿ 40ರ ಲೆನ್ಸಿಗೆ ಹೋದೆ. ಈ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿವೆ ಎಂಬುದು ಆಗ ಹೊಳೆಯಲಿಲ್ಲ. ಕ್ಷೇತ್ರದ ತುಂಬ ಕಂದು ಪುಡಿ ಹರಡಿತ್ತು. ಆಮ್ಲೀಯ ಮೂತ್ರದಲ್ಲಿ ಇಳಿಯುವ ಯುರೇಟ್ ಪುಡಿ ಅದು. ಅಲ್ಲಲ್ಲಿ ಹಳದಿ ಛಾಯೆಯ, ವಜ್ರಾಕೃತಿಯ ಯೂರಿಕ್ ಆಮ್ಲದ ಹರಳುಗಳಿದ್ದವು. ಕೆಂಪು ಕಣಗಳು ಮಾತ್ರ ಒಂದು ಕ್ಷೇತ್ರಕ್ಕೆ ಒಂದು, ಇನ್ನೊಂದಕ್ಕೆ ಸೊನ್ನೆ. ಸ್ಟ್ರಿಪ್ ಮೂರು ಪ್ಲಸ್ ಎನ್ನುತ್ತಿರುವಾಗ ‘0–1’ ಎಂದು ಬರೆದರೆ ಡಾಕ್ಟರು ಫೋನ್ ಮಾಡಿ ಕೇಳುತ್ತಾರೆ ಎಂಬ ಅಳುಕಿನಿಂದ, ಕಣಗಳು ಒಡೆದುಹೋಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ‘ಕೆಂಪು ಕಣ 15–20, ಯೂರಿಕ್ ಆಮ್ಲದ ಹರಳು ಎರಡು ಪ್ಲಸ್’ ಎಂದು ಟೈಪ್ ಮಾಡಿದೆ. ಸ್ಟ್ರಿಪ್‌ಗೆ ಹೊಂದುವಂತೆ ಸ್ಲೈಡನ್ನು ತಿದ್ದುವ ಈ ಚಟವನ್ನು ನಾನು ಬೇರೆಯವರಲ್ಲಿ ಎಷ್ಟೋ ಸಲ ಬೈದಿದ್ದೆ.

ಅದು ಹೊರಗೆ ಹೋಗದಂತೆ ತಡೆದದ್ದು ಒಂದು ಫೋಟೋ. ಹುಬ್ಬಳ್ಳಿಯಲ್ಲಿರುವ ನಮ್ಮ ಪೆಥಾಲಜಿಸ್ಟ್ ಮೇಡಂ ಸಹಿ ಮಾಡುವ ಮುನ್ನ ಅಸಹಜ ಮಾದರಿಗಳ ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುತ್ತಾರೆ. ಐಪೀಸಿಗೆ ಮೊಬೈಲ್ ಹಿಡಿದು ತೆಗೆದ ಹರಳಿನ ಚಿತ್ರವನ್ನೂ ಸ್ಟ್ರಿಪ್‌ನ ಚಿತ್ರವನ್ನೂ ಕಳುಹಿಸಿದೆ. ಎರಡೇ ನಿಮಿಷದಲ್ಲಿ ಫೋನ್ ಬಂತು.

“ರಕ್ತದ ಚೌಕದಾಗ ಚುಕ್ಕಿ ಚುಕ್ಕಿ ಇದ್ವೋ, ಒಂದೇ ಸಮ ಇತ್ತೋ?”

“ಒಂದೇ ಸಮ ಇತ್ತ್ರಿ ಮೇಡಂ.”

“ತಿರುಗಿಸಿದ ಮ್ಯಾಲೆ ಮೇಲಿನ ನೀರು ಯಾವ ಬಣ್ಣ ಇತ್ತು?”

ನನ್ನಲ್ಲಿ ಉತ್ತರವಿರಲಿಲ್ಲ, ಅದು ಸಿಂಕಿಗೆ ಹೋಗಿತ್ತು. “ಡಬ್ಬ್ಯಾಗ ಇನ್ನ ಉಳದೈತಲ್ಲ, ಮತ್ತೊಮ್ಮೆ ತಿರುಗಿಸ್ರಿ. ಈ ಸಲ ಮೊದಲ 10ರಾಗ ನೋಡ್ರಿ, ಕಂಡೆನ್ಸರ್ ಕೆಳಗ ಇಳಿಸ್ರಿ,” ಎಂದರು.

ಅವರ ಮೊದಲ ಎರಡು ಪ್ರಶ್ನೆಗಳ ಹಿಂದಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಕ್ತದ ಚೌಕವು ಕೆಂಪು ಕಣವನ್ನು ಗುರುತಿಸುವುದಿಲ್ಲ. ಅದು ಗುರುತಿಸುವುದು ಹೀಮ್ ಎಂಬ ಕಬ್ಬಿಣದ ಅಂಶವು ಪೆರಾಕ್ಸಿಡೇಸ್ ಎಂಬ ಕಿಣ್ವದಂತೆ ವರ್ತಿಸಿ ಬಣ್ಣ ಹುಟ್ಟಿಸುವುದನ್ನು. ಆ ಹೀಮ್ ಇಡೀ ಕಣದೊಳಗಿರಬಹುದು, ಒಡೆದ ಕಣದಿಂದ ಹೊರಬಂದ ಹಿಮೋಗ್ಲೋಬಿನ್ನಿನಲ್ಲಿರಬಹುದು, ಸ್ನಾಯುಗಳಿಂದ ಸೋರಿದ ಮಯೋಗ್ಲೋಬಿನ್ನಿನಲ್ಲಿಯೂ ಇರಬಹುದು. ಇಡೀ ಕಣಗಳು ಸ್ವಲ್ಪವೇ ಇದ್ದಾಗ ಚೌಕದ ಮೇಲೆ ಹಸಿರು ಚುಕ್ಕಿಗಳು ಮೂಡುತ್ತವೆ. ಕರಗಿದ ಬಣ್ಣವಾದರೆ ಚೌಕ ಒಂದೇ ಸಮನಾಗಿ ತಿರುಗುತ್ತದೆ. ಕಣಗಳು ತುಂಬ ಹೆಚ್ಚಾದಾಗಲೂ ಚುಕ್ಕಿಗಳು ಕೂಡಿಕೊಂಡು ಒಂದೇ ಸಮನಾಗಿ ಕಾಣುವುದರಿಂದ ಮೂರು ಪ್ಲಸ್‌ನಲ್ಲಿ ಈ ಗುರುತಿನ ಮೇಲೆ ಮಾತ್ರ ನಿಲ್ಲುವಂತಿಲ್ಲ. ಎರಡನೆಯ ಪ್ರಶ್ನೆಗೆ ಹೆಚ್ಚು ತೂಕವಿರುವುದು ಅದಕ್ಕಾಗಿ. ಕೆಂಪಿಗೆ ಇಡೀ ಕಣಗಳೇ ಕಾರಣವಾಗಿದ್ದರೆ ತಿರುಗಿಸಿದಾಗ ಅವು ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗುತ್ತದೆ. ಕರಗಿದ ಬಣ್ಣವಾಗಿದ್ದರೆ ಮೇಲಿನ ನೀರು ಮೊದಲಿನಂತೆಯೇ ಉಳಿಯುತ್ತದೆ.

ಎರಡನೆಯ ಸಲ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೇಲಿನ ನೀರು ಅದೇ ಚಹಾ ಬಣ್ಣದಲ್ಲಿತ್ತು. ಅದರಲ್ಲಿ ಹೊಸ ಸ್ಟ್ರಿಪ್ ಅದ್ದಿದಾಗಲೂ ಮೂರು ಪ್ಲಸ್ ಬಂತು.

ಇನ್ನು, ಕಣಗಳು ಡಬ್ಬಿಯಲ್ಲೇ ಒಡೆದಿರಬೇಕು ಎಂಬ ನನ್ನ ಸಮಾಧಾನ. ಅದನ್ನು ಸುಳ್ಳೆಂದು ಹೇಳುವ ಎರಡು ಚೌಕಗಳು ಅದೇ ಸ್ಟ್ರಿಪ್‌ನ ಮೇಲಿದ್ದವು. ಕೆಂಪು ಕಣಗಳು ಬೇಗ ಒಡೆಯುವುದು ನೀರಾದ ಮೂತ್ರದಲ್ಲಿ, ಅಂದರೆ ಸಾಂದ್ರತೆ 1.010ಕ್ಕಿಂತ ಕೆಳಗಿದ್ದಾಗ, ಇಲ್ಲವೇ ಮೂತ್ರ ಕ್ಷಾರವಾಗಿದ್ದಾಗ, ಅದೂ ಮಾದರಿ ಹೊತ್ತು ಕಳೆದದ್ದಾದರೆ ಇನ್ನಷ್ಟು. ಇಲ್ಲಿ ಸಾಂದ್ರತೆ 1.020, ಪಿಎಚ್ 5.5, ಡಬ್ಬಿ ನನ್ನ ಕೈಗೆ ಬಂದು ಇಪ್ಪತ್ತು ನಿಮಿಷವಾಗಿತ್ತಷ್ಟೆ. ರಕ್ತದ ಚೌಕವನ್ನು ಓದಿ, ಪಕ್ಕದ ಚೌಕಗಳನ್ನು ಬರೀ ಅಂಕಿಗಳಂತೆ ಬರೆದುಕೊಂಡು ಬಿಟ್ಟಿದ್ದೆ.

ಆಮೇಲೆ ಸ್ಲೈಡು. ಕಾಸ್ಟ್‌ಗಳು ಎಂದರೆ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಪ್ರೋಟೀನ್ ಹೆಪ್ಪುಗಟ್ಟಿ, ನಾಳದ ಆಕಾರವನ್ನೇ ತಳೆದು ಹೊರಬೀಳುವ ಕೊಳವೆಯಂಥ ಅಚ್ಚುಗಳು. ಅವುಗಳಲ್ಲಿ ಕೆಲವು ಎಷ್ಟು ಪಾರದರ್ಶಕವೆಂದರೆ ಹೆಚ್ಚಿನ ಬೆಳಕಿನಲ್ಲಿ ಎದುರಿಗಿದ್ದರೂ ಕಾಣುವುದಿಲ್ಲ. ಸಂಖ್ಯೆಯಲ್ಲಿಯೂ ಕಡಿಮೆ ಇರುವುದರಿಂದ 40ರ ಸಣ್ಣ ಕ್ಷೇತ್ರದಲ್ಲಿ ತಪ್ಪಿಹೋಗುತ್ತವೆ. 10ರ ಲೆನ್ಸಿನಲ್ಲಿ ಕಂಡೆನ್ಸರ್ ಇಳಿಸಿ, ಬೆಳಕು ತಗ್ಗಿಸಿ, ಕವರ್‌ಸ್ಲಿಪ್ಪಿನ ಅಂಚುಗಳನ್ನೂ ಬಿಡದೆ ಹುಡುಕಿದಾಗ ಪ್ರತಿ ಕ್ಷೇತ್ರಕ್ಕೆ ಮೂರು ನಾಲ್ಕು ಕಂದು, ಒರಟು ತರಿತರಿಯಾದ ಕೊಳವೆಗಳು ಕಂಡವು.

ಆದರೆ ನಿಜವಾದ ತೊಡಕು ಇಲ್ಲಿತ್ತು. ಯುರೇಟ್ ಪುಡಿ ಲೋಳೆಯ ಎಳೆಗೆ ಅಂಟಿಕೊಂಡರೆ ಅದೂ ಕಂದು ಕೊಳವೆಯಂತೆಯೇ ಕಾಣುತ್ತದೆ, ಮತ್ತು ಪಿಎಚ್ 5.5 ಎಂಬ ಸ್ಟ್ರಿಪ್ ಓದು ಯುರೇಟ್ ಇರುವುದನ್ನು ಅನುಮೋದಿಸುತ್ತಿತ್ತು. ನಾನು ತೆಗೆದ ಫೋಟೋಗಳಿಂದ ಇದನ್ನು ಬಗೆಹರಿಸಲು ಆಗುತ್ತಿರಲಿಲ್ಲ. ಫೋಟೋ ಒಂದೇ ಆಳದ ಫೋಕಸನ್ನು ಹಿಡಿಯುತ್ತದೆ. ಕಾಸ್ಟಿನ ಎರಡು ಬದಿಗಳು ಸಮಾನಾಂತರವಾಗಿವೆಯೇ, ತುದಿ ದುಂಡಗಿದೆಯೇ, ಅಂಚಿನ ಗೆರೆ ಸ್ಪಷ್ಟವಿದೆಯೇ ಎಂಬುದನ್ನು ಫೈನ್ ಫೋಕಸನ್ನು ಹಿಂದೆ ಮುಂದೆ ತಿರುಗಿಸುತ್ತಲೇ ನೋಡಬೇಕು. ಹಾಗಾಗಿ ಗಸಿಯ ಟ್ಯೂಬನ್ನು 60 ಡಿಗ್ರಿಯ ನೀರಿನಲ್ಲಿ ಕೆಲವು ನಿಮಿಷ ಇಟ್ಟು, ತಣ್ಣಗಾಗುವ ಮೊದಲೇ ಹೊಸ ಸ್ಲೈಡ್ ಮಾಡಿದೆ. ಬಿಸಿಗೆ ಯುರೇಟ್ ಪುಡಿ ಕರಗುತ್ತದೆ, ಕಾಸ್ಟ್ ಉಳಿಯುತ್ತದೆ. ಕ್ಷಾರ ಹಾಕಿದರೂ ಯುರೇಟ್ ಕರಗುತ್ತದೆ ಎಂದು ನಮ್ಮ ಕಿರಿಯ ಹುಡುಗ ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿ ತಂದಿದ್ದ. ಆದರೆ ಕ್ಷಾರದಲ್ಲಿ ಕಾಸ್ಟ್‌ಗಳೂ ಕರಗುತ್ತವೆ. ಆಗ ಎರಡೂ ಮಾಯವಾಗಿ ಏನೂ ಗೊತ್ತಾಗುವುದಿಲ್ಲ.

ಬಿಸಿ ಮಾಡಿದ ಸ್ಲೈಡಿನಲ್ಲಿ ಹಿನ್ನೆಲೆಯ ಪುಡಿ ಬಹುಪಾಲು ಹೋಗಿ ಕ್ಷೇತ್ರ ತಿಳಿಯಾಗಿತ್ತು. ಕಂದು ಕೊಳವೆಗಳು ದುಂಡು ತುದಿ, ಸಮ ಬದಿಗಳೊಂದಿಗೆ ಇದ್ದಲ್ಲೇ ಇದ್ದವು.

ಅಷ್ಟರಲ್ಲಿ ಹೊರಗೆ ಕೂತಿದ್ದ ರೋಗಿಯ ಅಣ್ಣನನ್ನು ಕೇಳಿದಾಗ ಚೀಟಿಯಲ್ಲಿ ಇಲ್ಲದ ಮಾತು ಸಿಕ್ಕಿತು. “ಜಾತ್ರಿ ಕುಸ್ತಿಗೆ ಅಂತ ಮೊನ್ನೆ ಒಮ್ಮೆಲೇ ಸಾವಿರ ಬೈಠಕ್ ಹೊಡದಾನ್ರಿ. ಎರಡು ವರ್ಷ ಗರಡಿಮನಿ ಕಡೆ ಹೋಗಿದ್ದಿಲ್ಲ. ನಿನ್ನೆಯಿಂದ ತೊಡಿ ಮುಟ್ಟಗೊಡವಲ್ಲ.”

ಮೇಡಂ ರಕ್ತ ತೆಗೆಯಲು ಹೇಳಿದರು. ಅದನ್ನು ತಿರುಗಿಸಿದಾಗ ಮೇಲೆ ನಿಂತ ಸೀರಮ್ ಎಂದಿನ ತಿಳಿಹಳದಿ ಬಣ್ಣದಲ್ಲಿತ್ತು. ಹಿಮೋಗ್ಲೋಬಿನ್ ರಕ್ತದಲ್ಲಿ ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಉಳಿಯುವುದರಿಂದ, ಅದು ಮೂತ್ರಕ್ಕೆ ಬರುವಷ್ಟು ಹೆಚ್ಚಾದಾಗ ಸೀರಮ್ ಗುಲಾಬಿಯಾಗಿರುತ್ತದೆ. ಮಯೋಗ್ಲೋಬಿನ್ ಚಿಕ್ಕ ಅಣುವಾದ್ದರಿಂದ ಬೇಗನೆ ಮೂತ್ರಪಿಂಡದಿಂದ ಸೋರಿಹೋಗಿ ಸೀರಮ್ ತಿಳಿಯಾಗಿಯೇ ಇರುತ್ತದೆ. ಸೂಜಿ ಸರಿಯಾಗಿ ಹೋಗದೆ ಎಳೆದಾಡಿ ತೆಗೆದ ರಕ್ತದಲ್ಲಿಯೂ ಸೀರಮ್ ಗುಲಾಬಿಯಾಗುವುದರಿಂದ, ತಿಳಿಹಳದಿ ಬಂದರೆ ಅದನ್ನು ಎಷ್ಟು ನಂಬಬಹುದೋ, ಗುಲಾಬಿ ಬಂದರೆ ಅಷ್ಟು ನಂಬುವಂತಿಲ್ಲ. ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ಸಿ.ಕೆ. ಎಂಬ ಕಿಣ್ವ ನಮ್ಮ ಯಂತ್ರದ ಮಿತಿಯನ್ನು ಮೀರಿತು; ಇಪ್ಪತ್ತು ಪಟ್ಟು ತೆಳುಮಾಡಿ ಓಡಿಸಿದಾಗ 41,000ದ ಆಸುಪಾಸು ಬಂತು. ಕ್ರಿಯಾಟಿನಿನ್ 2.4, ಪೊಟ್ಯಾಸಿಯಂ 5.9. ಪೊಟ್ಯಾಸಿಯಂ ಅಂಕಿಯನ್ನು ರಿಪೋರ್ಟಿಗೆ ಕಾಯದೆ ಫೋನಿನಲ್ಲೇ ತಿಳಿಸಿದೆವು, ಮತ್ತು ಆ ಸಂಜೆಯೇ ಹುಡುಗನನ್ನು ಹುಬ್ಬಳ್ಳಿಗೆ ಕರೆದೊಯ್ದರು.

ಮೂತ್ರದ ರಿಪೋರ್ಟಿನಲ್ಲಿ ‘ಮಯೋಗ್ಲೋಬಿನ್’ ಎಂದು ಬರೆಯಲಿಲ್ಲ, ಏಕೆಂದರೆ ನಾವು ಅದನ್ನು ಅಳೆದಿರಲಿಲ್ಲ. ‘ರಕ್ತದ ಚೌಕ ಮೂರು ಪ್ಲಸ್, ಕೆಂಪು ಕಣ 0–1, ತಿರುಗಿಸಿದ ನಂತರವೂ ಮೇಲಿನ ನೀರು ಕಂದು, ಕಂದು ತರಿತರಿ ಕಾಸ್ಟ್ ಕಡಿಮೆ ವರ್ಧನೆಯ ಕ್ಷೇತ್ರಕ್ಕೆ 3–4, ಯುರೇಟ್ ಮತ್ತು ಯೂರಿಕ್ ಆಮ್ಲದ ಹರಳು ಇವೆ, ಹೀಮ್ ವರ್ಣದ್ರವ್ಯದ ಸಾಧ್ಯತೆ, ಸಿ.ಕೆ. ಜೊತೆ ಓದಬೇಕು’ ಎಂದು ಹೋಯಿತು. ಹರಳಿನ ಸಾಲನ್ನು ಅಳಿಸಲಿಲ್ಲ, ಅವು ಇದ್ದದ್ದು ನಿಜ. ಆದರೆ ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಇಳಿದವು. ಈಗ ನಮ್ಮ ವರ್ಕ್‌ಶೀಟಿನಲ್ಲಿ ಮೇಲಿನ ನೀರಿನ ಬಣ್ಣಕ್ಕೆ ಒಂದು ಅಂಕಣವಿದೆ, ಮತ್ತು ಸ್ಟ್ರಿಪ್‌ನ ಫೋಟೋದಲ್ಲಿ ಅದೇ ಬಾಟಲಿಯ ಬಣ್ಣದ ಪಟ್ಟಿಯೂ ಒಂದೇ ಚೌಕಟ್ಟಿನಲ್ಲಿರಬೇಕು. ಟ್ಯೂಬ್‌ಲೈಟಿನ ಕೆಳಗೆ ಮೊಬೈಲ್ ಬಣ್ಣವನ್ನು ಎತ್ತ ವಾಲಿಸಿದರೂ ಎರಡನ್ನೂ ಒಟ್ಟಿಗೇ ವಾಲಿಸುತ್ತದೆ.

ಸುಮಾರು ಎರಡು ತಿಂಗಳ ಮೇಲೆ ಮತ್ತೆ ಅಂಥದ್ದೇ ಜೋಡಿ ಬಂತು: ರಕ್ತ ಮೂರು ಪ್ಲಸ್, ಕಣ 1–2, ಮೇಲಿನ ನೀರು ಗುಲಾಬಿ. ಕಿರಿಯ ಹುಡುಗ ಆಗಲೇ ಸಿ.ಕೆ. ಟ್ಯೂಬು ಹುಡುಕುತ್ತಿದ್ದ. ಆದರೆ ಈ ಸಲ ಪಿಎಚ್ 8, ಸಾಂದ್ರತೆ 1.005 ಇತ್ತು, ಸ್ಲೈಡಿನ ತುಂಬ ಶವಪೆಟ್ಟಿಗೆಯ ಮುಚ್ಚಳದಂಥ ಟ್ರಿಪಲ್ ಫಾಸ್ಫೇಟ್ ಹರಳುಗಳಿದ್ದವು, ಕಾಸ್ಟ್ ಒಂದೂ ಇರಲಿಲ್ಲ, ಮತ್ತು ಡಬ್ಬಿ ಬೆಳಗಿನ ಬಸ್ಸಿನಲ್ಲಿ ಬಂದು ಮಧ್ಯಾಹ್ನದವರೆಗೆ ಮೇಜಿನ ಮೇಲೆ ಕೂತಿತ್ತು. ಹೊಸ ಮಾದರಿ ಕೇಳಿ ಪಡೆದು, ಹತ್ತು ನಿಮಿಷದೊಳಗೆ ನೋಡಿದಾಗ ಕ್ಷೇತ್ರಕ್ಕೆ 25–30 ಇಡೀ ಕೆಂಪು ಕಣಗಳು ಸಿಕ್ಕವು.