ಎರಡು ಸುತ್ತು ಎಂದರೆ ಎಷ್ಟು?

“ಬಣ್ಣ ಸ್ವಲ್ಪ ತಿಳಿ ಮಾಡಲಿಕ್ಕೆ ಎಷ್ಟು ಹೊತ್ತು ಬೇಕು ಮಾರಾಯ್ರೆ?”

ಕಳೆದ ಮಂಗಳವಾರ ಮಾಟುಂಗಾದ ಕೇಟರಿಂಗ್ ಕಚೇರಿಯಲ್ಲಿ ಮಾಲೀಕರು ನಗುತ್ತಲೇ ಕೇಳಿದ ಈ ಪ್ರಶ್ನೆ, ಡೊಂಬಿವಲಿಗೆ ಮರಳುವ ಲೋಕಲಿನಲ್ಲಿಯೂ ನನ್ನನ್ನು ಬಿಡಲಿಲ್ಲ. ಅವರಿಗಾಗಿ ನಾನು ಮಾಡುತ್ತಿದ್ದ ಜಾಲತಾಣದ ಬಣ್ಣ ಬದಲಿಸಲು ಎರಡು ನಿಮಿಷ ಸಾಕು. ಆದರೆ ಅಂದು ಅವರು ಹೇಳಿದ್ದು ಹನ್ನೊಂದನೆಯ ತಿದ್ದುಪಡಿ. ನಮ್ಮ ಒಪ್ಪಂದದಲ್ಲಿದ್ದುದು ಎರಡು.

ತಪ್ಪು ನನ್ನದೇ. ಕೆಲಸದ ವಿವರಪತ್ರದಲ್ಲಿ ನಾನು “ಎರಡು ಸುತ್ತು ತಿದ್ದುಪಡಿ ಉಚಿತ” ಎಂದಷ್ಟೇ ಬರೆದಿದ್ದೆ. ಸುತ್ತು ಎಂದರೇನೆಂದು ಹೇಳಿರಲಿಲ್ಲ. ಮಾಲೀಕರು, ಅವರ ತಮ್ಮ ಮತ್ತು ಸೊಸೆ ತಮಗೆ ತೋಚಿದಾಗಲೆಲ್ಲ ವಾಟ್ಸಾಪಿನಲ್ಲಿ ಒಂದೊಂದು ಸಾಲು ಕಳುಹಿಸುತ್ತಿದ್ದರು. ಮಾಲೀಕರ ತಮ್ಮ ದೊಡ್ಡದು ಮಾಡಿಸಿದ ಲೋಗೋವನ್ನು ಸೊಸೆ ಚಿಕ್ಕದು ಮಾಡಿಸಿದರು. ಮೂವರೂ ಒಳ್ಳೆಯವರು, ಹೋದಾಗಲೆಲ್ಲ ಊಟ ಮಾಡಿಸದೆ ಕಳುಹಿಸಿದವರಲ್ಲ. ಅಂಥವರ ಎದುರು ಲೆಕ್ಕ ತೆಗೆಯುವುದು ಇನ್ನೂ ಕಷ್ಟ.

ಹಣದ ಕಂತುಗಳನ್ನೂ ನಾನು ಜಾಣತನದಿಂದ ಜೋಡಿಸಿರಲಿಲ್ಲ. ಒಟ್ಟು 90,000 ರೂಪಾಯಿಯಲ್ಲಿ 27,000 ಮುಂಗಡ, ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕಾಗ 36,000, ಜಾಲತಾಣ ಲೈವ್ ಆದಾಗ ಉಳಿದ 27,000. ಒಪ್ಪಿಗೆ ಕೊಡುವುದೂ ಲೈವ್ ಮಾಡಲು ಬೇಕಾದ ಮೆನು, ಫೋಟೋಗಳನ್ನು ಕೊಡುವುದೂ ಅವರ ಕೈಯಲ್ಲಿದ್ದುದರಿಂದ, ನನ್ನ ಕೆಲಸ ಮುಗಿದಿದ್ದರೂ 63,000 ರೂಪಾಯಿ ಅವರ ಬಿಡುವಿಗಾಗಿ ಕಾಯುತ್ತಿತ್ತು.

ಆ ರಾತ್ರಿ ವಿವರಪತ್ರವನ್ನು ತಿದ್ದಿದೆ. ಒಬ್ಬರೇ ವ್ಯಕ್ತಿ, ಮನೆಯವರೆಲ್ಲರ ಅಭಿಪ್ರಾಯಗಳನ್ನು ಒಂದೇ ಇಮೇಲಿನಲ್ಲಿ ಒಟ್ಟುಗೂಡಿಸಿ ಕಳುಹಿಸಿದರೆ ಅದು ಒಂದು ಸುತ್ತು, ಅದರಲ್ಲಿ ನಾಲ್ಕು ಅಂಶಗಳಿರಲಿ, ನಲವತ್ತಿರಲಿ. ಎರಡು ಸುತ್ತುಗಳ ಬಳಿಕ ಗಂಟೆಗೆ 900 ರೂಪಾಯಿ. ಒಪ್ಪಿದ ಪುಟದೊಳಗಿನ ಬದಲಾವಣೆ ಮಾತ್ರ ತಿದ್ದುಪಡಿ. ಸೊಸೆ ನಡುವೆ ಕೇಳಿದ ಆನ್‌ಲೈನ್ ಬುಕಿಂಗ್ ಪುಟ ಹೊಸ ಕೆಲಸ, ಅದಕ್ಕೆ ಬೇರೆ ದರ, ಬೇರೆ ಗಡುವು. ವಿನ್ಯಾಸ ಕಳುಹಿಸಿ ಏಳು ಕೆಲಸದ ದಿನಗಳಲ್ಲಿ ಉತ್ತರ ಬಾರದೆ, ಒಮ್ಮೆ ನೆನಪಿಸಿದ ಮೇಲೂ ಮೂರು ದಿನ ಮೌನವೇ ಇದ್ದರೆ ಒಪ್ಪಿಗೆಯೆಂದು ಭಾವಿಸಲಾಗುವುದು. ಕೊನೆಯ ಕಂತನ್ನು ಲೈವ್ ಆಗುವುದರಿಂದ ಬಿಡಿಸಿ, ಪರೀಕ್ಷಾ ವಿಳಾಸದಲ್ಲಿ ಪೂರ್ಣ ಜಾಲತಾಣವನ್ನು ತೋರಿಸುವ ದಿನಕ್ಕೆ ಕಟ್ಟಿದೆ. ಆ ದಿನವಾದರೂ ನನ್ನ ಕೈಯಲ್ಲಿದೆ. ಮೆನು ಬಾರದಿದ್ದರೆ ಆ ಜಾಗದಲ್ಲಿ ಮಾದರಿ ಪಠ್ಯವಿರುತ್ತದೆ.

ಮೌನವನ್ನು ಒಪ್ಪಿಗೆಯೆಂದು ಕರೆಯುವ ಸಾಲು ಬರೆಯುವಾಗ ನನಗೇ ಮುಜುಗರವಾಯಿತು. 36,000 ರೂಪಾಯಿಗಾಗಿ ಪರಿಚಿತರನ್ನು ಕೋರ್ಟಿಗೆ ಎಳೆಯುವವನು ನಾನಲ್ಲ, ಅದು ಅವರಿಗೂ ಗೊತ್ತು. ಆ ಸಾಲಿನ ಬಲವೆಲ್ಲ ನೆನಪಿಸುವ ಇಮೇಲಿನಲ್ಲಿ ದಿನಾಂಕ ಹಾಕಿ ಕೇಳುವ ಧೈರ್ಯ ಸಿಗುವುದರಲ್ಲಷ್ಟೇ ಇದೆ.

ಶುಕ್ರವಾರ ಪತ್ರ ಒಯ್ದೆ. ಮಾಲೀಕರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. “ಹಾಗಾದರೆ ಬಣ್ಣಕ್ಕೂ ಇಮೇಲೇ ಬೇಕೋ?” ಎಂದರು. ಬೇಕು ಎಂದೆ. ಅಭಿಪ್ರಾಯ ಕಳುಹಿಸುವವರ ಹೆಸರಿಗೆಂದು ಬಿಟ್ಟ ಖಾಲಿ ಜಾಗದಲ್ಲಿ ಮೊದಲು ತಮ್ಮದೇ ಹೆಸರು ಬರೆದು, ಸ್ವಲ್ಪ ಯೋಚಿಸಿ ಅದನ್ನು ಹೊಡೆದುಹಾಕಿ, ಸೊಸೆಯ ಹೆಸರು ಬರೆದು ಸಹಿ ಹಾಕಿದರು.