ಅಚ್ಚಿಗೆ ಹೋಗುವ ಮುನ್ನ ಕಂಪನಿಗೆ ಬರೆಯುವ ಮೂರು ಪ್ರಶ್ನೆ

ಕಂಪನಿಯೊಂದರ ಬಗ್ಗೆ ವರದಿ ಬರೆದಾದ ಮೇಲೆ ಅದರ ಸಂವಹನ ವಿಭಾಗಕ್ಕೆ ಒಂದು ಇಮೇಲ್ ಹೋಗುತ್ತದೆ: ಸ್ಥಾಪನೆಯಾದ ವರ್ಷ, ಮಾಲೀಕರು, ನೌಕರರ ಸಂಖ್ಯೆ ಖಚಿತಪಡಿಸಿ ಎಂದು. ಹೀಗಷ್ಟೇ ಕೇಳಿದರೆ ಬರುವುದು ಪತ್ರಿಕಾ ಪ್ರಕಟಣೆಗಳ ಕೊನೆಯಲ್ಲಿ ಅಂಟಿಸುವ ಪರಿಚಯದ ಪ್ಯಾರಾ ಮಾತ್ರ. ನಾವು ಅಚ್ಚು ಮಾಡಲಿರುವ ವಾಕ್ಯವನ್ನೇ ಬರೆದು, ಅದು ಯಾವ ದಾಖಲೆಯಿಂದ ಬಂತೆಂದು ಹೇಳಿ, ಎಲ್ಲಿ ತಪ್ಪಿದೆ ಎಂದು ಕೇಳಬೇಕು. ಹಾಗಾಗಿ ಇಮೇಲ್ ಬರೆಯುವ ಮೊದಲು ದಾಖಲೆ ನೋಡಿರಬೇಕು.

ಟೈಟಾನ್ ಕಂಪನಿಯನ್ನೇ ತೆಗೆದುಕೊಳ್ಳಿ. ಮುಖ್ಯ ಕಚೇರಿ ಬೆಂಗಳೂರಿನಲ್ಲಿ, ನೋಂದಾಯಿತ ಕಚೇರಿ ಹೊಸೂರಿನಲ್ಲಿ. ವಾರ್ಷಿಕ ವರದಿಯಲ್ಲೂ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲೂ ಅದರ ಗುರುತಿನ ಸಂಖ್ಯೆ ಸಿಗುತ್ತದೆ: L74999TZ1984PLC001456. ಮೊದಲ L ಎಂದರೆ ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿ. ನಡುವಿನ 1984 ಕಂಪನಿ ಕಾನೂನಿನ ಪ್ರಕಾರ ಹುಟ್ಟಿದ ವರ್ಷ. ಗಡಿಯಾರ ಅಂಗಡಿಗೆ ಬಂದದ್ದು 1987ರಲ್ಲಿ. ಯಾರಾದರೂ ‘1987ರಲ್ಲಿ ಶುರುವಾದ ಟೈಟಾನ್’ ಎಂದು ಬರೆದರೆ ಅದು ಸುಳ್ಳೂ ಅಲ್ಲ, ಸರಿಯೂ ಅಲ್ಲ. ‘ಸ್ಥಾಪನೆ’ ಎಂಬ ಪದ ಬಿಟ್ಟು, ‘1984ರಲ್ಲಿ ನೋಂದಣಿಯಾಯಿತು’ ಎಂದು ಬರೆದು ಕೇಳಿದರೆ ಗೊಂದಲಕ್ಕೆ ಎಡೆಯಿಲ್ಲ. ಪಾಲುದಾರಿಕೆಯಾಗಿ ಶುರುವಾಗಿ ಆಮೇಲೆ ಕಂಪನಿಯಾದ ಸಂಸ್ಥೆಗಳಲ್ಲಿ ಈ ಸಂಖ್ಯೆಯಲ್ಲಿರುವ ವರ್ಷ ತಡವಾದದ್ದಾಗಿರುತ್ತದೆ. ಅಲ್ಲಿ ಎರಡೂ ವರ್ಷ ಕೇಳಬೇಕು.

ಮಾಲೀಕತ್ವದಲ್ಲಿ ಅಭ್ಯಾಸಬಲದಿಂದ ಬರುವ ತಪ್ಪು ‘ಟಾಟಾ ಒಡೆತನದ ಟೈಟಾನ್’ ಎಂಬುದು. ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕಂಪನಿ ಷೇರುಪೇಟೆಗೆ ಕೊಡಬೇಕಾದ ಷೇರು ಹಂಚಿಕೆ ಪಟ್ಟಿ ತೆರೆದರೆ ಕಾಣುವುದೇ ಬೇರೆ: ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಟಿಡ್ಕೊ ಸುಮಾರು ಶೇ 27.9, ಟಾಟಾ ಸಮೂಹದ ಕಂಪನಿಗಳೆಲ್ಲ ಸೇರಿ ಸುಮಾರು ಶೇ 25. ಇಬ್ಬರೂ ಪ್ರವರ್ತಕರೇ, ಅಂದರೆ ಕಂಪನಿ ಕಟ್ಟಿದವರು ಅಥವಾ ಅದರ ಮೇಲೆ ಹಿಡಿತ ಇರುವವರು ಎಂದು ದಾಖಲೆಯಲ್ಲಿ ಹೆಸರಿರುವವರು. ಉಳಿದದ್ದು ಸಾರ್ವಜನಿಕ ಹೂಡಿಕೆದಾರರದ್ದು. ‘ಒಡೆತನ’ ಎಂಬ ಪದ ಇಲ್ಲಿ ಕೂರುವುದೇ ಇಲ್ಲ. ‘ಟಾಟಾ ಸಮೂಹ ಮತ್ತು ಟಿಡ್ಕೊ ಪ್ರವರ್ತಿಸಿದ’ ಎನ್ನಬೇಕು. ಪಿಆರ್ ವಿಭಾಗದವರೂ ಮಾತಿನಲ್ಲಿ ‘ಟಾಟಾ ಕಂಪನಿ’ ಎಂದೇ ಹೇಳುವುದರಿಂದ, ಫೋನಿನಲ್ಲಿ ಖಚಿತಪಡಿಸಿಕೊಂಡರೆ ಈ ತಪ್ಪು ದಾಟಿಹೋಗುತ್ತದೆ.

ಹೆಚ್ಚು ಎಡವಿಸುವುದು ನೌಕರರ ಸಂಖ್ಯೆ. ಟೈಟಾನ್‌ನ ಒಡವೆ ಬ್ರ್ಯಾಂಡ್ ತನಿಷ್ಕ್‌ನ ಅಂಗಡಿಯಲ್ಲಿ ಒಡವೆ ತೋರಿಸುವವರು ಟೈಟಾನ್ ನೌಕರರೇ? ಫ್ರಾಂಚೈಸಿ ಅಂಗಡಿಯಾದರೆ ಅಲ್ಲ. ಕ್ಯಾರಟ್‌ಲೇನ್ ಸಿಬ್ಬಂದಿ? ಅದು ಅಂಗಸಂಸ್ಥೆ, ಟೈಟಾನ್ ಒಂದರದೇ ಲೆಕ್ಕದಲ್ಲಿ ಸೇರುವುದಿಲ್ಲ, ಸಮೂಹದ ಲೆಕ್ಕದಲ್ಲಿ ಸೇರುತ್ತದೆ. ಕಾರ್ಖಾನೆಯ ಗುತ್ತಿಗೆ ಕೆಲಸಗಾರರು? ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ದೊಡ್ಡ ಲಿಸ್ಟೆಡ್ ಕಂಪನಿಗಳು ತಮ್ಮ ಸಾಮಾಜಿಕ, ಪರಿಸರ ಹೊಣೆಗಾರಿಕೆಯ ಬಗ್ಗೆ ಪ್ರತಿ ವರ್ಷ ಕೊಡುವ ಬಿಆರ್‌ಎಸ್‌ಆರ್ ವರದಿಯಲ್ಲಿ ನೌಕರರು, ಕಾರ್ಮಿಕರು ಎಂದು ಬೇರೆ ಬೇರೆ, ಪ್ರತಿಯೊಂದರಲ್ಲೂ ಕಾಯಂ ಮತ್ತು ಕಾಯಂ ಅಲ್ಲದವರು ಬೇರೆ ಬೇರೆ. ‘ಎಷ್ಟು ಜನ?’ ಎಂದು ಕೇಳಿದರೆ ಇವುಗಳಲ್ಲಿ ದೊಡ್ಡ ಮೊತ್ತವೇ ಬರುವ ಸಂಭವ ಹೆಚ್ಚು, ಅದೂ ‘ಸುಮಾರು’ ಎಂಬ ಪದದೊಂದಿಗೆ.

ಇಷ್ಟು ನೋಡಿದ ಮೇಲೆ ಇಮೇಲ್ ಹೀಗಿರುತ್ತದೆ:

‘ನಮಸ್ಕಾರ. ಶನಿವಾರದ ಸಂಚಿಕೆಯಲ್ಲಿ ಬರುವ ಲೇಖನದಲ್ಲಿ ಈ ವಾಕ್ಯಗಳಿವೆ. ತಪ್ಪಿದ್ದರೆ ಸರಿಯಾದ ಮಾಹಿತಿ ಮತ್ತು ಅದರ ಆಧಾರವನ್ನು ಗುರುವಾರ ಸಂಜೆ 5 ಗಂಟೆಯೊಳಗೆ ಬರೆದು ತಿಳಿಸಿ.

1. ಗುರುತಿನ ಸಂಖ್ಯೆಯಲ್ಲಿರುವಂತೆ ಕಂಪನಿ 1984ರಲ್ಲಿ ನೋಂದಣಿಯಾಯಿತು.

2. ಕಳೆದ ತ್ರೈಮಾಸಿಕದ ಷೇರು ಹಂಚಿಕೆ ಪಟ್ಟಿಯಂತೆ ಟಿಡ್ಕೊ ಮತ್ತು ಟಾಟಾ ಸಮೂಹ ಪ್ರವರ್ತಕರು. ಟಿಡ್ಕೊ ಪಾಲು ಹೆಚ್ಚು.

3. ಮಾರ್ಚ್ 31ಕ್ಕೆ ಕಂಪನಿಯ ಕಾಯಂ ನೌಕರರು ಎಷ್ಟು, ಕಾಯಂ ಕಾರ್ಮಿಕರು ಎಷ್ಟು? ಅಂಗಸಂಸ್ಥೆ, ಗುತ್ತಿಗೆ ಸಿಬ್ಬಂದಿ ಬಿಟ್ಟು ತಿಳಿಸಿ.’

ಮೂರನೆಯದನ್ನು ಪ್ರಶ್ನೆಯಾಗಿಯೇ ಬಿಟ್ಟದ್ದು ಬೇಕೆಂದೇ. ಮೂರನ್ನೂ ಹೇಳಿಕೆಗಳಾಗಿ ಕಳಿಸಿದರೆ ‘ಎಲ್ಲ ಸರಿ ಇದೆ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಓದಿ ಬರೆದರೋ ಓದದೆ ಬರೆದರೋ ತಿಳಿಯುವುದಿಲ್ಲ. ಸಂಖ್ಯೆ ಬರೆಯಬೇಕಾದರೆ ಯಾರಾದರೂ ಮಾನವ ಸಂಪನ್ಮೂಲ ವಿಭಾಗವನ್ನು ಕೇಳಲೇಬೇಕು. ಬಂದ ಅಂಕಿಯನ್ನು ಬಿಆರ್‌ಎಸ್‌ಆರ್ ವರದಿಯ ಪಕ್ಕ ಇಟ್ಟು ನೋಡಿ. ದೊಡ್ಡ ಅಂತರವಿದ್ದರೆ ಯಾರನ್ನು ಸೇರಿಸಿದ್ದೀರಿ ಎಂದು ಇನ್ನೊಮ್ಮೆ ಬರೆಯಿರಿ.

ಪೂರ್ತಿ ಲೇಖನವನ್ನಂತೂ ಕಳಿಸಬೇಡಿ. ಮೂರು ವಾಕ್ಯ ಕಳಿಸಿದರೆ ಮೂರಕ್ಕೆ ಉತ್ತರ ಬರುತ್ತದೆ. ಲೇಖನ ಕಳಿಸಿದರೆ ತಿದ್ದುಪಡಿಗಳ ಪಟ್ಟಿ ಬರುತ್ತದೆ, ಅದರಲ್ಲಿ ಸ್ಥಾಪನೆಯ ವರ್ಷ ಇರುವುದಿಲ್ಲ.

ಲಿಸ್ಟ್ ಆಗದ ಕಂಪನಿಯಾದರೆ ತ್ರೈಮಾಸಿಕ ಪಟ್ಟಿ ಇರುವುದಿಲ್ಲ. ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿ ವಾರ್ಷಿಕ ರಿಟರ್ನ್ ನೋಡಬೇಕು. ಅದು ಕಳೆದ ಹಣಕಾಸು ವರ್ಷದ ಕೊನೆಯ ಸ್ಥಿತಿ. ನಡುವೆ ಹೊಸ ಹೂಡಿಕೆದಾರರು ಬಂದಿರಬಹುದು. ಅಂಥಲ್ಲಿ ‘ಆ ದಿನದ ನಂತರ ಷೇರು ಕೈಬದಲಾಗಿದೆಯೇ?’ ಎಂಬ ನಾಲ್ಕನೆಯ ಪ್ರಶ್ನೆ ಸೇರಿಸಿ.

ಗುರುವಾರ 5 ಗಂಟೆಗೆ ಉತ್ತರ ಬಾರದಿದ್ದರೆ ಒಂದು ಫೋನ್, ನಂತರ ದಾಖಲೆಯಲ್ಲಿದ್ದದ್ದು ದಿನಾಂಕದೊಂದಿಗೆ ಪುಟಕ್ಕೆ: ‘ಮಾರ್ಚ್ 31ರ ವಾರ್ಷಿಕ ವರದಿಯ ಪ್ರಕಾರ’. ದಾಖಲೆಯಲ್ಲೂ ಇಲ್ಲದ ನೌಕರರ ಸಂಖ್ಯೆಯನ್ನು ಹಳೆಯ ಸುದ್ದಿಯಿಂದ ಎತ್ತಿ ಹಾಕುವ ಬದಲು ಆ ವಾಕ್ಯವನ್ನೇ ತೆಗೆಯಿರಿ.