ಒಂದೇ ಬಸ್ಸಿನಲ್ಲಿ ಬಂದ ಎರಡು ಕಾಲು

ಆ ಭಾನುವಾರ ಬೆಳಿಗ್ಗೆ ಕಾಪು ಕಡೆಯ ನಮ್ಮ ಕ್ಲಿನಿಕ್ಕಿಗೆ ಬಂದವರು ನಲವತ್ತೆರಡು ವರ್ಷದ ಒಬ್ಬ ಹೆಂಗಸು. ಮನೆಯ ದೈವಕ್ಕೆ ಕೋಲ ಇತ್ತು, ಅದಕ್ಕೆಂದು ಗುರುವಾರ ಮಧ್ಯಾಹ್ನ ಮುಂಬೈಯಿಂದ ಬಸ್ಸು ಹತ್ತಿ ಶುಕ್ರವಾರ ಬೆಳಿಗ್ಗೆ ಊರಿಗೆ ಇಳಿದವರು. ಜೊತೆಗೆ ಬಂದ ಭಾವನದ್ದೇ ಮೊದಲ ಮಾತು: "ಎಂತ ಇಲ್ಲ ಡಾಕ್ಟ್ರೇ, ಬಸ್ಸಲ್ಲಿ ಕೂತು ಕಾಲಿನ ನರ ಎಳೆದದ್ದು. ನನಗೂ ರಾತ್ರಿ ಹಾಗೇ ಆಗಿತ್ತು."

ಭಾವನಿಗೆ ಆದದ್ದು ಏನು ಎಂದು ಮೊದಲು ಅವರನ್ನೇ ಕೇಳಿದೆ. ಅವರು ನಿದ್ದೆಯಲ್ಲಿದ್ದಾಗ ಬಲಗಾಲಿನ ಮೀನಖಂಡ ಒಮ್ಮೆಲೇ ಕಲ್ಲಿನ ಹಾಗೆ ಗಟ್ಟಿಯಾಗಿ ಕೂಗುವಷ್ಟು ನೋವಾಗಿತ್ತು. ಎದ್ದು ಕಾಲು ಚಾಚಿ, ಪಾದದ ಬೆರಳನ್ನು ಕೈಯಿಂದ ಹಿಡಿದು ಮಂಡಿಯ ಕಡೆಗೆ ಎಳೆದಾಗ ಎರಡು ನಿಮಿಷದಲ್ಲಿ ಬಿಟ್ಟಿತು. ಮರುದಿನ ಸ್ವಲ್ಪ ನೋವು ಉಳಿದಿತ್ತು, ಬಾವು ಇರಲಿಲ್ಲ. ಇದು ಸ್ನಾಯು ಸೆಳೆತವೇ, ಅನುಮಾನವಿಲ್ಲ. ಸೆಳೆತ ಬಂದ ಕ್ಷಣವನ್ನು ರೋಗಿ ಹೇಳಬಲ್ಲ, ಹೋದ ಕ್ಷಣವನ್ನೂ ಹೇಳಬಲ್ಲ.

ಹೆಂಗಸಿನ ಕಥೆ ಹಾಗಿರಲಿಲ್ಲ. ಶುಕ್ರವಾರ ರಾತ್ರಿ ಎಡ ಮೀನಖಂಡದಲ್ಲಿ ಏನೋ ಬಿಗಿದ ಹಾಗೆ ಶುರುವಾದದ್ದು ಶನಿವಾರ ನೋವಾಯಿತು. ಕೋಲದ ರಾತ್ರಿ ನಿಂತೇ ಕಳೆದರು. ಭಾನುವಾರ ಬೆಳಿಗ್ಗೆ ನೋಡಿದರೆ ಬಾವು. ಬೆರಳು ಎಳೆದರೂ ಬಿಡಲಿಲ್ಲ. ಅತ್ತೆ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ತಂದಿದ್ದರು. ಮುಟ್ಟಿದರೆ ನೋವು ಎಂದು ಇವರು ತಿಕ್ಕಲು ಬಿಡಲಿಲ್ಲ. ಆ ನೋವೇ ಅವರನ್ನು ಕಾಪಾಡಿತು ಎನ್ನಬೇಕು. ಒಳಗೆ ಅಭಿಧಮನಿಯಲ್ಲಿ ರಕ್ತದ ಹೆಪ್ಪು ಇದ್ದರೆ ನೀವಿದಾಗ ಅದರ ತುಂಡು ಕಳಚಿ, ಹೃದಯದ ಮೂಲಕ ಹಾದು ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯ ಇರುತ್ತದೆ.

ಎರಡೂ ಕಾಲನ್ನು ಜೊತೆಗಿಟ್ಟು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಕಾಲುಚೈನು. ಬಲಗಾಲಲ್ಲಿ ಅದು ಸಡಿಲವಾಗಿ ಜಾರುತ್ತಿತ್ತು, ಎಡಗಾಲಲ್ಲಿ ಚರ್ಮದೊಳಗೆ ಹೂತಿತ್ತು. ದೀರ್ಘ ಪ್ರಯಾಣದಲ್ಲಿ ಕಾಲು ಇಳಿಬಿಟ್ಟು ಕೂತರೆ ಪಾದ ಊದುವುದು ಸಾಮಾನ್ಯ, ಆದರೆ ಅದು ಎರಡೂ ಕಡೆ ಊದುತ್ತದೆ, ಮಲಗಿ ಎದ್ದರೆ ಇಳಿಯುತ್ತದೆ. ಒಂದೇ ಕಾಲು ಊದಿದರೆ ಕಾರಣ ಆ ಕಾಲಿನೊಳಗೇ ಹುಡುಕಬೇಕು.

ಟೇಪು ತೆಗೆದುಕೊಂಡೆ. ಮಂಡಿಚಿಪ್ಪಿನ ಕೆಳಗೆ ಮುಂಭಾಗದಲ್ಲಿ ಮೂಳೆಯ ಒಂದು ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ 10 ಸೆಂ.ಮೀ. ಕೆಳಗೆ ಪೆನ್ನಿನಿಂದ ಗುರುತು ಹಾಕಿ ಸುತ್ತಳತೆ ತೆಗೆಯಬೇಕು. ಎರಡೂ ಕಾಲಲ್ಲಿ ಅದೇ ಜಾಗದಲ್ಲಿ ಅಳೆಯದಿದ್ದರೆ ಅಳತೆಗೆ ಅರ್ಥವಿಲ್ಲ. ಬಲಗಾಲು 35, ಎಡಗಾಲು 38.5. ಕಾಲಿನಲ್ಲಿ ಹೆಪ್ಪು ಇರುವ ಸಾಧ್ಯತೆ ಅಂದಾಜಿಸುವ ವೆಲ್ಸ್ ಅಂಕ ಎಂಬ ಲೆಕ್ಕದಲ್ಲಿ 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸಕ್ಕೆ ಒಂದು ಅಂಕ. ಮುಂಗಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದಾಗ ಗುಳಿ ಹಾಗೇ ಉಳಿಯಿತು, ಅದೂ ನೋವಿನ ಕಾಲಲ್ಲಿ ಮಾತ್ರ, ಇನ್ನೊಂದು ಅಂಕ. ಮೀನಖಂಡದ ಹಿಂದೆ ಆಳದ ಅಭಿಧಮನಿ ಹೋಗುವ ದಾರಿಯುದ್ದಕ್ಕೂ ಒತ್ತಿದಾಗ ನೋವು, ಮೂರನೆಯದು. ಸ್ನಾಯು ಹರಿದದ್ದು, ಚರ್ಮದ ಸೋಂಕು, ಮಂಡಿಯ ಹಿಂದಿನ ನೀರುಗುಳ್ಳೆ ಒಡೆದದ್ದು, ಇಂಥ ಬೇರೆ ಕಾರಣ ಅಷ್ಟೇ ಸಂಭವನೀಯ ಎನಿಸಿದ್ದರೆ ಎರಡು ಅಂಕ ಕಳೆಯಬೇಕಿತ್ತು. ಏಟು ಬಿದ್ದಿರಲಿಲ್ಲ, 'ಟಪ್' ಎಂದ ಅನುಭವ ಇರಲಿಲ್ಲ, ಜ್ವರ ಇರಲಿಲ್ಲ. ಎರಡು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಹೆಪ್ಪು ಇರುವ ಸಾಧ್ಯತೆ ಹೆಚ್ಚು ಎಂದೇ ಹಿಡಿಯಬೇಕು. ಪಾದವನ್ನು ಮೇಲಕ್ಕೆ ಬಾಗಿಸಿ ನೋವು ಬರುತ್ತದೆಯೇ ಎಂದು ನೋಡುವ ಹಳೆಯ ಪರೀಕ್ಷೆಯನ್ನು ನಾನು ನೆಚ್ಚುವುದಿಲ್ಲ, ಸೆಳೆತ ಬಂದ ಕಾಲೂ ಹಾಗೆ ಮಾಡಿದರೆ ನೋಯುತ್ತದೆ.

ಆ ಲೆಕ್ಕದಲ್ಲಿ ಪ್ರಯಾಣಕ್ಕೆ ಅಂಕವೇ ಇಲ್ಲ. ಬಸ್ಸಿನಲ್ಲಿ ಕೂತವರೆಲ್ಲರಿಗೂ ಹೆಪ್ಪುಗಟ್ಟುವುದಿಲ್ಲವಲ್ಲ, ಹಾಗಾಗಿ ಇನ್ನೇನು ಸೇರಿತು ಎಂದು ಹುಡುಕಬೇಕು. ಇತ್ತೀಚೆಗೆ ಆಪರೇಷನ್, ಪ್ಲಾಸ್ಟರ್, ಬಾಣಂತನ, ಕ್ಯಾನ್ಸರ್, ಮನೆಯಲ್ಲಿ ಯಾರಿಗಾದರೂ ಹೆಪ್ಪು? ಎಲ್ಲಕ್ಕೂ ಇಲ್ಲ. "ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ?" ಎಂದರೆ ಅದಕ್ಕೂ ಇಲ್ಲ. ಭಾವನನ್ನು ಹೊರಗೆ ಕೂರಿಸಿ, "ಕೋಲಕ್ಕೆಂದು ಮುಟ್ಟು ಮುಂದೆ ಹಾಕುವ ಮಾತ್ರೆ ತಗೊಂಡಿದ್ದೀರಾ ಅಕ್ಕ?" ಎಂದು ಕೇಳಿದೆ. "ಹೌದು, ಅದು ಮಾತ್ರೆ ಅಂತ ಹೇಳುವ ಹಾಗೆ ಎಂತ ಇಲ್ಲವಲ್ಲ!"

ನೋರೆಥಿಸ್ಟೆರೋನ್ 5 ಮಿಲಿಗ್ರಾಂ, ದಿನಕ್ಕೆ ಮೂರು. ಕೋಲ, ನಾಗಮಂಡಲ, ಮದುವೆ, ಗೃಹಪ್ರವೇಶದ ದಿನಗಳಲ್ಲಿ ನಮ್ಮ ಕಡೆ ಮೆಡಿಕಲ್‌ನಲ್ಲಿ ಕೇಳಿ ಒಯ್ಯುವ ಮಾತ್ರೆ ಇದು. ಈ ಪ್ರಮಾಣದಲ್ಲಿ ತಿಂದಾಗ ಅದರ ಒಂದು ಸಣ್ಣ ಭಾಗ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಅದರ ಮೇಲೆ ಇಡೀ ರಾತ್ರಿ ಮಂಡಿ ಮಡಚಿ ಕೂತು, ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾಗುತ್ತದೆ ಎಂದು ನೀರೂ ಕುಡಿಯದಿದ್ದರೆ ಎಲ್ಲವೂ ಒಂದರ ಮೇಲೊಂದು ಪೇರುತ್ತದೆ. ಮೀನಖಂಡ ಅಲ್ಲಾಡಿದಾಗಲೇ ಆಳದ ಅಭಿಧಮನಿಯ ರಕ್ತ ಮೇಲಕ್ಕೆ ತಳ್ಳಲ್ಪಡುವುದು.

ಉಸಿರು, ನಾಡಿ, ಆಮ್ಲಜನಕ ನೋಡಿದೆ, ಸರಿಯಿತ್ತು. ಎದೆ ನೋವು, ಏದುಸಿರು, ಕಫದಲ್ಲಿ ರಕ್ತ, ತಲೆ ತಿರುಗಿ ಬೀಳುವುದು, ಇವುಗಳಲ್ಲಿ ಒಂದಿದ್ದರೂ ಟೇಪು ಹಿಡಿದು ಕೂರದೆ ನೇರ 108ಕ್ಕೆ ಫೋನ್ ಮಾಡುವುದು. ಭಾನುವಾರ ಡಾಪ್ಲರ್ ಸ್ಕ್ಯಾನ್ ಬೇಗ ಸಿಗುವ ಹಾಗಿರಲಿಲ್ಲ. ಅನುಮಾನ ಬಲವಾಗಿದ್ದು ಸ್ಕ್ಯಾನ್ ನಾಲ್ಕು ಗಂಟೆಗಿಂತ ತಡವಾಗುವುದಾದರೆ ಕಾಯದೆ ಹೆಪ್ಪು ಬೆಳೆಯದಂತೆ ತಡೆಯುವ ಔಷಧಿ ಶುರು ಮಾಡಬೇಕು. ರಕ್ತಸ್ರಾವದ ತೊಂದರೆ, ಕಿಡ್ನಿ ಕಾಯಿಲೆ ಇಲ್ಲ ಎಂದು ಖಚಿತ ಮಾಡಿಕೊಂಡು, 60 ಕಿಲೋ ತೂಕಕ್ಕೆ ಎನಾಕ್ಸಪರಿನ್ 60 ಮಿಲಿಗ್ರಾಂ ಹೊಟ್ಟೆಯ ಚರ್ಮದಡಿ ಕೊಟ್ಟು ಉಡುಪಿಗೆ ಕಳಿಸಿದೆ. ನೋರೆಥಿಸ್ಟೆರೋನ್ ಅಂದೇ ನಿಲ್ಲಿಸಿದ್ದಾಯಿತು.

ಸ್ಕ್ಯಾನಿನಲ್ಲಿ ನೋಡುವುದು ಬಹಳ ಸರಳ ಸಂಗತಿ. ಮಂಡಿಯ ಹಿಂದೆ ಎರಡು ಕಪ್ಪು ವೃತ್ತ ಅಕ್ಕಪಕ್ಕ ಕಾಣುತ್ತವೆ. ಮಿಡಿಯುವುದು ಅಪಧಮನಿ, ಇನ್ನೊಂದು ಅಭಿಧಮನಿ. ಪ್ರೋಬಿನಿಂದ ಒತ್ತಿದರೆ ಆರೋಗ್ಯದ ಅಭಿಧಮನಿ ಚಪ್ಪಟೆಯಾಗಿ ಮಾಯವಾಗುತ್ತದೆ, ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತದೆ. ಅವರ ಎಡಗಾಲಲ್ಲಿ ಎಷ್ಟು ಒತ್ತಿದರೂ ವೃತ್ತ ವೃತ್ತವಾಗಿಯೇ ಉಳಿಯಿತು. ಒಳಗೆ ಹೆಪ್ಪು ತುಂಬಿತ್ತು.

ರಿವರಾಕ್ಸಬಾನ್ 15 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ 21 ದಿನ, ಆಮೇಲೆ 20 ಮಿಲಿಗ್ರಾಂ ಒಂದು ಬಾರಿ, ಒಟ್ಟು ಕನಿಷ್ಠ ಮೂರು ತಿಂಗಳು. ಹೊಟ್ಟೆಗೆ ಊಟ ಬಿದ್ದ ಮೇಲೆಯೇ ನುಂಗಬೇಕು, ಬರಿಹೊಟ್ಟೆಯಲ್ಲಿ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಈ ಔಷಧಿ ಇದ್ದ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ; ಕರಗಿಸುವುದು ದೇಹವೇ. ಮಲಗಿಯೇ ಇರಬೇಕೆಂದಿಲ್ಲ, ನಡೆಯಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೋಫೆನಾಕ್ ಜೊತೆಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಬುಧವಾರಕ್ಕೆ ಬುಕ್ ಮಾಡಿದ್ದ ಮುಂಬೈ ಬಸ್ಸಿನ ಟಿಕೆಟ್ ಕ್ಯಾನ್ಸಲ್ ಮಾಡಿಸಿದೆವು.

ಒಂದು ಮಾತನ್ನು ಅವರಿಗೂ ಅತ್ತೆಗೂ ಎರಡೆರಡು ಸಲ ಹೇಳಬೇಕಾಯಿತು. ನೋರೆಥಿಸ್ಟೆರೋನ್ ನಿಲ್ಲಿಸಿದ ಎರಡು ಮೂರು ದಿನದಲ್ಲಿ ಮುಟ್ಟಾಗುತ್ತದೆ, ಆಗ ರಿವರಾಕ್ಸಬಾನ್ ಕೂಡ ಇರುವುದರಿಂದ ಸ್ರಾವ ಮಾಮೂಲಿಗಿಂತ ಜೋರು. ಹೆದರಿ ಮನೆಯವರೇ ಮಾತ್ರೆ ಬಿಡಿಸುವುದು ಇಲ್ಲಿಯೇ. ಮೊದಲ ವಾರಗಳಲ್ಲಿ ಬಿಟ್ಟರೆ ಹೆಪ್ಪು ಬೆಳೆಯುತ್ತದೆ. ಹಾಗಾಗಿ ಮೊದಲೇ ಹಿಮೋಗ್ಲೋಬಿನ್ ನೋಡಿಟ್ಟೆವು. ಗಂಟೆಗೊಂದು ಪ್ಯಾಡು ಪೂರ್ತಿ ನೆನೆಯುವ ಹಾಗಿದ್ದರೆ ಮಾತ್ರೆ ತಾವಾಗಿ ನಿಲ್ಲಿಸದೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದೆವು. ಬುಧವಾರ ರಾತ್ರಿ ಅತ್ತೆಯ ಫೋನ್ ಬಂತು. ಮೂರು ಗಂಟೆಗೊಂದು ಪ್ಯಾಡು ಬದಲಾಯಿಸುತ್ತಿದ್ದಾರೆ, ರಾತ್ರಿಯ ಮಾತ್ರೆ ಕೊಡಲೋ ಬೇಡವೋ ಎಂದು. ಊಟ ಆಯಿತೇ ಎಂದು ಕೇಳಿ, ಆಗಿದೆ ಎಂದ ಮೇಲೆ, ಕೊಡಿ ಎಂದೆ.